ಕೇಶ ಹೆಲ್ಮೆಟ್ ವಶ

ನಮ್ಮ ಮನೆಯಲ್ಲಿ ತಲೆಗಳು ನಾಲ್ಕು, ಹೆಲ್ಮೆಟ್ಟುಗಳು ಮೂರು. ಅಮ್ಮ ಎಲ್ಲಿಗೆ ಹೋದರೂ ಆಟೋದಲ್ಲೇ ಹೋಗುವುದರಿಂದ ಬೆಳಿಗ್ಗೆ ಬಾಚಿದ ಅವಳ ಕೂದಲು ರಾತ್ರಿ ಮಲಗುವವರೆಗೂ ಬಾಚಿದ ಹಾಗೇ ಇರುತ್ತದೆ. ಆ ವಿಷಯದಲ್ಲಿ ಅವಳಿಗೆ ಸ್ವಲ್ಪ ಜಂಬವೂ ಇದೆ. ಉಳಿದಂತೆ ನನ್ನ ಹೆಂಡತಿ ಪಾಠ ಮಾಡಲು ಸ್ಕೂಟರಿನಲ್ಲಿ ಶಾಲೆಗೆ ಹೋಗುತ್ತಾಳೆ, ಮಗಳು ಅದರ ಹಿಂದಿನ ಸೀಟಿನಲ್ಲಿ ಕೂತು ಕಾಲೇಜಿಗೆ ಹೋಗುತ್ತಾಳೆ. ಕರ್ನಾಟಕದಲ್ಲಿ 2016ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾದ್ದರಿಂದ ಅವಳಿಗೂ ವಿನಾಯಿತಿ ಇಲ್ಲ. ನಾನು ಬೈಕಿನಲ್ಲಿ ಕತ್ರಿಗುಪ್ಪೆಯಿಂದ ಗಾಂಧಿನಗರದ ನಮ್ಮ ವಿಮಾ ಕಚೇರಿಗೆ. ಸಿಗ್ನಲ್‌ಗಳ ಕೃಪೆ ಇದ್ದರೆ ಮುಕ್ಕಾಲು ಗಂಟೆ, ಇಲ್ಲದಿದ್ದರೆ ಅದನ್ನು ಹೇಳಿ ಫಲವಿಲ್ಲ.

ಮೂವರಲ್ಲಿ ಅತಿ ಕಡಿಮೆ ಕೂದಲಿರುವವನು ನಾನು. ಅತಿ ಹೆಚ್ಚು ಹೊತ್ತು ಬಾಚಿಕೊಳ್ಳುವವನೂ ನಾನೇ. ಎಡಕಿವಿಯ ಮೇಲಿಂದ ಹೊರಡುವ ನಾಲ್ಕಿಂಚು ಉದ್ದದ ಒಂದು ತಂಡವನ್ನು ನೆತ್ತಿಯ ಬಯಲಿನ ಮೇಲೆ ಹಾಯಿಸಿ ಬಲಗಡೆಗೆ ಸುರಕ್ಷಿತವಾಗಿ ತಲುಪಿಸುವ ಕೆಲಸ ನನ್ನದು. ಒಣಗಿದ ಕೂದಲು ಹೇಳಿದ ಮಾತು ಕೇಳುವುದಿಲ್ಲ, ಒದ್ದೆ ಕೂದಲು ಕೇಳುತ್ತದೆ. ಆದ್ದರಿಂದ ಸ್ನಾನದ ಮನೆಯಿಂದ ಬಂದವನೇ ತೊಟ್ಟಿಕ್ಕುವ ತಲೆಯನ್ನು ಬಾಚಿ, ಅದು ಮನಸ್ಸು ಬದಲಿಸುವ ಮೊದಲೇ ಹೆಲ್ಮೆಟ್ ಮುಚ್ಚಿ ಹೊರಡುತ್ತಿದ್ದೆ. ಕಚೇರಿಯಲ್ಲಿ ಹೆಲ್ಮೆಟ್ ತೆಗೆದರೆ ಹಣೆಯ ಮೇಲೆ ಅಡ್ಡಗೆರೆ, ಎಡಭಾಗ ಪೂರ್ತಿ ಚಪ್ಪಟೆ, ನಡುವಿನ ತಂಡ ಸೆಟೆದು ನಿಂತು ಆಕಾಶ ನೋಡುತ್ತಿರುತ್ತಿತ್ತು. ನಮ್ಮ ಅಟೆಂಡರ್ ಒಳ್ಳೆಯವನು. “ಸಾರ್, ಇವತ್ತು ಗಾಳಿ ಜಾಸ್ತಿ ಅಲ್ವಾ?” ಎಂದಷ್ಟೇ ಕೇಳುತ್ತಿದ್ದ.

ಹೆಲ್ಮೆಟ್ ಬಿಗಿಯಾಗಿದೆ, ಒಂದು ಸೈಜು ದೊಡ್ಡದು ತರುತ್ತೇನೆ ಎಂದು ಮನೆಯಲ್ಲಿ ಪ್ರಕಟಿಸಿದೆ. ರಸಾಯನಶಾಸ್ತ್ರ ಓದುವ ಮಗಳು ಪುಸ್ತಕದಿಂದ ತಲೆಯೆತ್ತಿದಳು.

“ಅಪ್ಪಾ, ತಲೆ ಅಲ್ಲಾಡಿಸಿದ್ರೆ ಅಲ್ಲಾಡೋ ಹೆಲ್ಮೆಟ್ಟು ಬಿದ್ದಾಗ ಕೆಲಸಕ್ಕೆ ಬರಲ್ಲ. ತಪ್ಪು ಬಿಗೀದಲ್ಲ, ನೀರಿಂದು. ಕೂದಲು ಅಂದ್ರೆ ಕೆರಾಟಿನ್ ಅನ್ನೋ ಪ್ರೋಟೀನು. ಅದರ ಆಕಾರ ಹಿಡಿದಿಟ್ಟಿರೋದ್ರಲ್ಲಿ ಹೈಡ್ರೋಜನ್ ಬಂಧಗಳ ಪಾಲು ದೊಡ್ಡದು. ನೀರು ತಾಗಿದ್ರೆ ಅವು ಬಿಟ್ಟುಕೊಳ್ತವೆ, ಒಣಗಿದಾಗ ಮತ್ತೆ ಕಟ್ಟಿಕೊಳ್ತವೆ. ಒಣಗೋ ಹೊತ್ತಲ್ಲಿ ಕೂದಲು ಹೇಗೆ ಮಲಗಿರುತ್ತೋ ಅದೇ ಅದರ ಆಕಾರ. ನೀನು ದಿನಾ ಹೆಲ್ಮೆಟ್ ಒಳಗೆ ಒಣಗಿಸ್ತಿದ್ದೀಯ.”

“ಅಂದರೆ ನೀರು ಚಿಮುಕಿಸಿ ಇಸ್ತ್ರಿ ಹಾಕಿದ ಹಾಗೆ” ಎಂದಳು ಹೆಂಡತಿ, ನನ್ನ ಅಂಗಿಗೆ ಅದನ್ನೇ ಮಾಡುತ್ತಾ. “ಮಡಿಕೆ ಕೂತ ಮೇಲೆ ಒಣಕೈಯಲ್ಲಿ ಎಷ್ಟು ಸವರಿದರೂ ಹೋಗಲ್ಲ ರೀ.”

ಅಲ್ಲಿಗೆ ನನ್ನ ದಿನಚರಿ ಬದಲಾಯಿತು. ಸ್ನಾನ ಅರ್ಧ ಗಂಟೆ ಹಿಂದಕ್ಕೆ ಹೋಯಿತು. ಟವೆಲಿನಿಂದ ಒತ್ತಿ ಒರೆಸಿ, ಫ್ಯಾನಿನ ಕೆಳಗೆ ಕೂತು ತಿಂಡಿ ತಿಂದು, ಕಾಫಿ ಮುಗಿಸಿ, ಕೂದಲಿನ ಬುಡಕ್ಕೆ ಬೆರಳು ತೂರಿಸಿ ನೋಡುವುದು. ಮೇಲೆ ಒಣಗಿದಂತೆ ಕಂಡರೂ ಬುಡ ತಣ್ಣಗಿದ್ದರೆ ಇನ್ನೂ ತೇವ ಇದೆ ಎಂದೇ ಅರ್ಥ. ತಡವಾಗಿ ಏಳುವ ದಿನಗಳಿಗಾಗಿ ತಲೆಸ್ನಾನವನ್ನು ಹಿಂದಿನ ಸಂಜೆಗೆ ಹಾಕಿಕೊಂಡೆ. ಹೆಲ್ಮೆಟ್ ತೊಡುವಾಗ ಮುಂಭಾಗವನ್ನು ಮೊದಲು ಹಣೆಗೆ ತಾಗಿಸಿ ಆಮೇಲೆ ಹಿಂದಕ್ಕೆ ಇಳಿಸಿದರೆ ಕೂದಲು ಹಿಂದಕ್ಕೆ ಮಲಗುತ್ತದೆ ಎಂಬುದೂ ಗೊತ್ತಾಯಿತು. ಅದು ಹಿಂದಕ್ಕೆ ಬಾಚುವವರಿಗೆ ಮಾತ್ರ. ಎಡದಿಂದ ಬಲಕ್ಕೆ ಸಾಗಾಣಿಕೆ ನಡೆಸುವ ನನ್ನಂಥವರಿಗೆ ಅದರಿಂದ ಏನೂ ಉಪಯೋಗವಿಲ್ಲ.

ಆದರೆ ಏಪ್ರಿಲ್ ಬಂತಲ್ಲ! ಒಣಗಿಸಿಕೊಂಡು ಹೊರಟರೂ ಚಾಮರಾಜಪೇಟೆ ಮುಟ್ಟುವಷ್ಟರಲ್ಲಿ ಬೆವರೇ ನೀರಿನ ಕೆಲಸ ಮಾಡಿರುತ್ತದೆ. ಅದಕ್ಕೆ ತಡೆ ಇಲ್ಲ, ರಿಪೇರಿ ಉಂಟು. ಕಚೇರಿ ತಲುಪಿ, ಬೆವರು ಆರಿದ ಮೇಲೆ, ಬೆರಳ ತುದಿಗಳನ್ನು ಒದ್ದೆ ಮಾಡಿಕೊಂಡು ಚಪ್ಪಟೆಯಾದ ಜಾಗದ ಬುಡಕ್ಕೆ ಮಾತ್ರ ತಾಗಿಸಬೇಕು. ಆಚೆ ಈಚೆ ಉಜ್ಜಬೇಕು. ಒಣಗಿದ ಮೇಲೆ ಬಾಚಬೇಕು. ಕೂದಲು ಬಾಗಿರುವುದು ಬುಡದಲ್ಲಿ. ತುದಿಯನ್ನು ಎಷ್ಟು ಬಾಚಿದರೂ ಬುಡ ತಾನು ಮಲಗಿದ ಕಡೆಗೇ ಎಳೆಯುತ್ತದೆ. ಬೇಗ ಒಣಗಲಿ ಎಂದು ನಾನು ಕಚೇರಿಯ ಶೌಚಾಲಯದಲ್ಲಿ ಕೈ ಒಣಗಿಸುವ ಯಂತ್ರದ ಕೆಳಗೆ ತಲೆ ಒಡ್ಡಿ, ಮೊಣಕಾಲು ಬಗ್ಗಿಸಿ ನಿಂತಿದ್ದಾಗ ಮ್ಯಾನೇಜರ್ ಬಂದರು. ನಾನು ನಮಸ್ಕಾರ ಮಾಡಿದೆ. ಆ ಭಂಗಿಯಲ್ಲಿ ಮಾಡಿದ ನಮಸ್ಕಾರ ಸಾಷ್ಟಾಂಗಕ್ಕೆ ತುಂಬಾ ಹತ್ತಿರವಾಗಿತ್ತು. ಅವರು ಏನನ್ನೋ ಮಂಜೂರು ಮಾಡಿದವರಂತೆ ತಲೆಯಾಡಿಸಿ ಹೊರಟುಹೋದರು.

ಜೆಲ್ ಹಚ್ಚಿ ನೋಡಿದ್ದೂ ಆಯಿತು. ಮನೆಯಲ್ಲಿ ಹಚ್ಚಿಕೊಂಡರೆ ಅದು ಹೆಲ್ಮೆಟ್ಟಿನ ಒಳಗೇ ಗಟ್ಟಿಯಾಗಿ, ಹೆಲ್ಮೆಟ್ಟಿನ ಆಕಾರವನ್ನೇ ಕಾಯಂ ಮಾಡಿಬಿಡುತ್ತದೆ. ಕೆದಕಿದರೆ ಬಿಳಿ ಪುಡಿ ಉದುರಿ ಭುಜದ ಮೇಲೆ ಬೀಳುತ್ತದೆ, ನೋಡಿದವರು ಹೊಟ್ಟು ಎಂದುಕೊಳ್ಳುತ್ತಾರೆ. ಹಚ್ಚುವುದಾದರೆ ಹೆಲ್ಮೆಟ್ ತೆಗೆದ ಮೇಲೆ, ಅದೂ ಕಡಲೆಬೇಳೆಯಷ್ಟು ಹೇರ್ ವ್ಯಾಕ್ಸ್. ಅದು ಒಣಗಿ ಗಟ್ಟಿಯಾಗುವುದಿಲ್ಲವಾದ್ದರಿಂದ ಮತ್ತೆ ಮತ್ತೆ ತಿದ್ದಬಹುದು.

ಮೂಲ ಸಮಸ್ಯೆ ಇದ್ದದ್ದು ಕಟಿಂಗಿನಲ್ಲಿ. ನಮ್ಮ ಕಟಿಂಗ್ ಶಾಪಿನವರು ಬಹಳ ವರ್ಷಗಳಿಂದ ದಾಕ್ಷಿಣ್ಯಕ್ಕೆ ಬಾಯಿ ಬಿಡದೆ ಇದ್ದವರು. ಕೇಳಿದ್ದೇ ತಡ ಹೇಳಿದರು: “ಸಾರ್, ಇದು ಹೇರ್‌ಸ್ಟೈಲ್ ಅಲ್ಲ, ಸಾಲ. ಎಡಗಡೆಯಿಂದ ತಂದು ಬಲಗಡೆ ಕಟ್ತಾ ಇದ್ದೀರಿ. ಹೆಲ್ಮೆಟ್ ತೆಗೆದಾಗೆಲ್ಲ ಸಾಲ ಬಯಲಾಗ್ತದೆ.”

ನೆತ್ತಿಯ ಹಿಂಭಾಗವನ್ನು ಬೆರಳಿನಿಂದ ಬಿಡಿಸಿ ನೋಡಿ ಇನ್ನೊಂದು ಸುದ್ದಿ ಕೊಟ್ಟರು. ನನಗೆ ಎರಡು ಸುಳಿ. ಸುಳಿ ಇರುವ ಕಡೆ ಕೂದಲು ಸುತ್ತ ತಿರುಗಿ ಬೆಳೆಯುತ್ತದಂತೆ. ಅಲ್ಲಿ ಇಂಚು, ಒಂದೂವರೆ ಇಂಚಿಗೆ ಕತ್ತರಿಸಿದರೆ ಅದು ಸೆಟೆದು ನಿಲ್ಲುತ್ತದೆ: ಮಲಗಲು ಬೇಕಾದ ತೂಕ ಬಂದಿಲ್ಲ, ನಿಲ್ಲದಷ್ಟು ಗಿಡ್ಡವೂ ಅಲ್ಲ. ಒಂದೋ ತೀರಾ ಗಿಡ್ಡ ಮಾಡಬೇಕು, ಇಲ್ಲವೇ ಎರಡು ಇಂಚು ದಾಟಿ ಬೆಳೆಸಬೇಕು. ಬೆಳೆಸಲು ನನ್ನಲ್ಲಿ ಸಾಮಗ್ರಿ ಇಲ್ಲವಾದ್ದರಿಂದ ಅವರೇ ತೀರ್ಮಾನಿಸಿದರು. ಪಕ್ಕ ಮತ್ತು ಹಿಂಭಾಗಕ್ಕೆ ಮಷಿನ್ನಿನಲ್ಲಿ ಮೂರನೇ ನಂಬರು, ಅಂದರೆ ಸುಮಾರು 10 ಮಿಲಿಮೀಟರು. ಸುಳಿಗಳ ಮೇಲೂ ಅಷ್ಟೇ. ಮುಂದಲೆಯಲ್ಲಿ ಮಾತ್ರ ಕತ್ತರಿಯಿಂದ ಒಂದಿಂಚು ಬಿಟ್ಟು, ಕತ್ತರಿಯ ಮೊನೆಯನ್ನು ಕೂದಲಿಗೆ ನೆಟ್ಟಗೆ ಹಿಡಿದು ತುದಿಗಳನ್ನು ಹೆಚ್ಚು ಕಡಿಮೆ ಮಾಡಿದರು. ತುದಿ ಒಂದೇ ಸಮ ಇದ್ದರೆ ಹೆಲ್ಮೆಟ್ ಒತ್ತಿದ ಗುರುತು ಗೆರೆ ಎಳೆದಂತೆ ಕಾಣುತ್ತದೆ. ಹೆಚ್ಚು ಕಡಿಮೆ ಇದ್ದರೆ ಕೈಯಾಡಿಸಿದಾಗ ಮರೆಯಾಗುತ್ತದೆ. “ಕೂದಲು ತಿಂಗಳಿಗೆ ಒಂದು ಸೆಂಟಿಮೀಟರ್ ಬೆಳೀತದೆ ಸಾರ್. ಹತ್ತು ಮಿಲಿಮೀಟರು ಇಪ್ಪತ್ತಾದ್ರೆ ಸುಳಿ ಎದ್ದು ನಿಲ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಬನ್ನಿ.” ನಾಲ್ಕಿಂಚಿನ ತಂಡ ನೆಲದ ಮೇಲೆ ಬಿದ್ದಿತ್ತು. ಅಲ್ಲಿ ಅದು ನನ್ನ ತಲೆಯ ಮೇಲಿದ್ದಾಗಿನದಕ್ಕಿಂತ ದಟ್ಟವಾಗಿ ಕಂಡಿತು.

ಮನೆಗೆ ಬಂದಾಗ ಅಮ್ಮ ಎರಡು ಸುಳಿಯನ್ನು ಕಣ್ಣಾರೆ ಕಂಡು ಹಿಗ್ಗಿದಳು. “ನಾನು ಅವತ್ತೇ ಹೇಳಿರ್ಲಿಲ್ವಾ, ಎರಡು ಸುಳಿ ಇದ್ದೋರಿಗೆ ಎರಡು ಮದುವೆ ಅಂತ!”

“ಆಗಲಿ ಅತ್ತೆ,” ಎಂದಳು ಹೆಂಡತಿ. “ಬಂದವಳು ಮೊದಲು ಇವರ ಹೆಲ್ಮೆಟ್ಟಿನ ಒಳಗಿನ ಬಟ್ಟೆ ಒಗೀಲಿ.”

ಆ ಬಟ್ಟೆ ಬಿಚ್ಚಲು ಬರುತ್ತದೆಂಬುದೇ ನನಗೆ ತಿಳಿದಿರಲಿಲ್ಲ. ಕೆನ್ನೆಯ ಎರಡು ಮೆತ್ತೆ, ನೆತ್ತಿಯ ಒಂದು ಒಳವಸ್ತ್ರ, ಎಲ್ಲ ಟಿಚ್ ಬಟನ್ನಿನಲ್ಲಿ ಕೂತಿದ್ದವು. ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ಶಾಂಪೂ ಹಾಕಿ ಅದ್ದಿ ಹಿಸುಕಿದಾಗ ಬಂದ ನೀರನ್ನು ನೋಡಿ ಮನೆಯವರೆಲ್ಲ ಸ್ವಲ್ಪ ಹೊತ್ತು ನನ್ನಿಂದ ದೂರ ಕೂತರು. ಹಿಂಡಬಾರದು, ಒತ್ತಿ ನೀರು ತೆಗೆದು ನೆರಳಿನಲ್ಲಿ ಪೂರ್ತಿ ಒಣಗಿಸಬೇಕು. ಬಟ್ಟೆಯ ಹಿಂದಿರುವ ಥರ್ಮಾಕೋಲನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ. ಪೆಟ್ರೋಲು, ಥಿನ್ನರು ತಾಗಿದರೆ ಅದು ಕರಗುತ್ತದೆ, ತಲೆ ಉಳಿಸುವುದೇ ಆ ಥರ್ಮಾಕೋಲು. ತಿರುಗಿ ಹಾಕುವಾಗ ನಾನು ಎಡಕೆನ್ನೆಯ ಮೆತ್ತೆಯನ್ನು ಬಲಕ್ಕೆ ಕೂರಿಸಿ, ಗಾಂಧಿನಗರದವರೆಗೂ ಎರಡೂ ಕಿವಿ ಹಿಂಡಿಸಿಕೊಂಡು ಹೋದೆ. ಶಾಲೆ ಬಿಟ್ಟ ಮೇಲೆ ಆ ಭಾಗ್ಯ ಸಿಕ್ಕಿರಲಿಲ್ಲ.

ತುರಿಕೆ ಮಾತ್ರ ಹೋಗಲಿಲ್ಲ. ಅಮ್ಮನ ಪ್ರಕಾರ ಎಣ್ಣೆ ಸಾಲದೆ ತಲೆ ಒಣಗಿ ಹೊಟ್ಟು ಬಂದಿತ್ತು, ಆದ್ದರಿಂದ ದಿನಾ ಬೆಳಿಗ್ಗೆ ಕೊಬ್ಬರಿ ಎಣ್ಣೆ. ಚರ್ಮದ ಡಾಕ್ಟರು ತದ್ವಿರುದ್ಧ ಹೇಳಿದರು. ಎಲ್ಲರ ನೆತ್ತಿಯಲ್ಲೂ ಮಲಸೀಜಿಯಾ ಎಂಬ ಒಂದು ಸಣ್ಣ ಶಿಲೀಂಧ್ರ ಇರುತ್ತದೆ, ನೆತ್ತಿಯ ಜಿಡ್ಡೇ ಅದರ ಊಟ, ಬಿಸಿ ಮತ್ತು ಬೆವರು ಅದಕ್ಕೆ ಹಿತ, ನೀವು ಮೇಲಿನಿಂದ ಎಣ್ಣೆಯನ್ನೂ ಬಡಿಸಿ ಹೆಲ್ಮೆಟ್ ಮುಚ್ಚುತ್ತೀರಿ ಎಂದರು. ಹೊಟ್ಟು ಹಳದಿಯಾಗಿ ಜಿಡ್ಡಾಗಿದ್ದರೆ, ಹುಬ್ಬು ಮೂಗಿನ ಪಕ್ಕದಲ್ಲೂ ಇದ್ದರೆ ಅದು ಒಣಚರ್ಮವಲ್ಲ. ನನಗೆ ಮೂರೂ ಇತ್ತು. ಶೇಕಡಾ 2ರ ಕೀಟೋಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಬಾರಿಯಂತೆ ನಾಲ್ಕು ವಾರ ಹಚ್ಚಲು ಬರೆದುಕೊಟ್ಟರು. ನೊರೆ ಬಂದ ತಕ್ಷಣ ತೊಳೆದುಬಿಟ್ಟರೆ ಔಷಧಿ ಚರಂಡಿಗೆ ಹೋಗುತ್ತದೆ, ಐದು ನಿಮಿಷ ನೆತ್ತಿಯ ಮೇಲೇ ಇರಬೇಕು. ದುಂಡಗೆ ಕೂದಲು ಉದುರಿ ಬೋಳಾದರೆ, ನೆತ್ತಿಯಲ್ಲಿ ಕೀವು ಕಂಡರೆ ಕಾಯದೆ ಬನ್ನಿ ಎಂದೂ ಹೇಳಿದರು. ಅಮ್ಮನ ಜೊತೆ ರಾಜಿಯಾಯಿತು: ಹೊಟ್ಟು ಹೋಗುವವರೆಗೆ ಎಣ್ಣೆ ಇಲ್ಲ, ಆಮೇಲೆ ಭಾನುವಾರ ಮಾತ್ರ, ಅದೂ ಅದೇ ದಿನ ತೊಳೆದುಬಿಡುವ ಕರಾರಿನ ಮೇಲೆ.

ನನ್ನ ಬೋಳಿಗೂ ಹೆಲ್ಮೆಟ್ಟೇ ಕಾರಣವಲ್ಲವೇ ಎಂದು ಡಾಕ್ಟರನ್ನು ಆಸೆಯಿಂದ ಕೇಳಿದ್ದೆ. ಅವರು ಇಲ್ಲ, ಅದು ವಂಶದ್ದು ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ಹೆಂಡತಿ ಗೋಡೆಯ ಮೇಲಿನ ನಮ್ಮಪ್ಪನ ಫೋಟೋ ತೋರಿಸಿದಳು. ಅಪ್ಪ ಜೀವಮಾನವಿಡೀ ಓಡಿಸಿದ್ದು ಸೈಕಲ್ಲು.

ಅವಳ ಸಮಸ್ಯೆ ಇಷ್ಟು ದೊಡ್ಡದಲ್ಲ. ತುರುಬು ಕಟ್ಟಿದರೆ ಹೆಲ್ಮೆಟ್ ಹಿಂದೆ ಎದ್ದು ಕಣ್ಣಿನ ಮೇಲೆ ಜಾರುತ್ತದೆ, ಮೇಲೆ ಬಿಗಿದ ಜುಟ್ಟು ಬುಡವನ್ನು ಎಳೆದು ಮುಂದಲೆಯ ಕೂದಲು ಉದುರಿಸುತ್ತದೆ. ಹಾಗಾಗಿ ತಾಯಿ ಮಗಳಿಬ್ಬರೂ ಕುತ್ತಿಗೆಯ ಹತ್ತಿರ ಸಡಿಲವಾಗಿ ಜಡೆ ಹಾಕುತ್ತಾರೆ, ಕ್ಲಿಪ್ಪುಗಳನ್ನು ಚೀಲದಲ್ಲಿ ಇಟ್ಟುಕೊಳ್ಳುತ್ತಾರೆ, ಮಲ್ಲಿಗೆ ದಂಡೆ ಸ್ಟೀಲ್ ಡಬ್ಬಿಯಲ್ಲಿ ಪ್ರಯಾಣ ಮಾಡುತ್ತದೆ.

ಬೆವರು ಒಳವಸ್ತ್ರಕ್ಕೆ ಇಳಿಯದಂತೆ ತೆಳುವಾದ ಹತ್ತಿ ಟೋಪಿ ಹಾಕಿ, ದಿನಾ ಒಗೆಯಿರಿ ಎಂದು ಮಗಳು ಹೇಳಿದ್ದಕ್ಕೆ ಅಮ್ಮ ನನ್ನ ಹಳೆಯ ಪಂಚೆ ಹರಿದು ನಾಲ್ಕು ಟೋಪಿ ಹೊಲಿದುಕೊಟ್ಟಳು. ಕಿವಿ ಮುಚ್ಚುವಂತೆ, ಗಲ್ಲದ ಕೆಳಗೆ ಲಾಡಿ ಬೇರೆ. ಮೊದಲ ದಿನ ಕಚೇರಿಗೆ ಹೋಗಿ ಹೆಲ್ಮೆಟ್ ತೆಗೆದು ಕೌಂಟರಿನಲ್ಲಿ ಕೂತೆ. ಟೋಪಿ ತೆಗೆದಿರಲಿಲ್ಲ. ಎದುರಿದ್ದ ಪಾಲಿಸಿದಾರರು ಎಂದೂ ಇಲ್ಲದಷ್ಟು ಮೃದುವಾಗಿ, ನಿಧಾನಕ್ಕೆ ಮಾಡಿ ಸಾರ್, ಅವಸರವಿಲ್ಲ ಎಂದರು. ಪಕ್ಕದ ಮೇಜಿನವರು ಒಂದು ಮಾತೂ ಆಡದೆ ಎದ್ದು ಹೋಗಿ, ಆಸ್ಪತ್ರೆ ಖರ್ಚಿನ ಕ್ಲೇಮ್ ಫಾರ್ಮ್ ತಂದು ನನ್ನ ಮುಂದಿಟ್ಟರು.