ಜೂನ್‌ನಲ್ಲಿ ಮಾರಾಟ, ಸೆಪ್ಟೆಂಬರ್‌ನಲ್ಲಿ ವಾಪಸ್

ದೇವದುರ್ಗದ ಬೀಜದಂಗಡಿಗೆ ಮುಂಗಾರಿಗೂ ಮೊದಲೇ ಲಾರಿ ಬರುತ್ತದೆ. ಮಳೆ ಬಂದಿಲ್ಲ. ರೈತ ಬಂದಿಲ್ಲ. ದುಡ್ಡಂತೂ ಬಂದೇ ಇಲ್ಲ. ಬಂದಿರುವುದು ಹತ್ತಿ ಬೀಜದ ಪಾಕೀಟು ಮಾತ್ರ. ಆದರೂ ಕಂಪನಿಯ ಕಂಪ್ಯೂಟರಿನಲ್ಲಿ ಆಗಲೇ 'ಮಾರಾಟ' ಎಂದು ಬಿದ್ದಿದೆ.

"ಸಾಹುಕಾರ್ರೇ, ಇನ್ನೊಂದಿಷ್ಟು ಬಾಕ್ಸ್ ಇಳಿಸ್ಕೊಳ್ರಿ. ಹೋಗ್ಲಿಲ್ಲಂದ್ರ ವಾಪಸ್ ತಗೊಂತೀವಿ" ಅನ್ನುತ್ತಾನೆ ಸೇಲ್ಸ್ ಹುಡುಗ.

"ಹೋದ್ರ ನಂದು, ಹೋಗ್ಲಿಲ್ಲಂದ್ರ ನಿಮ್ದು. ಇಳಸ್ರಿ" ಅನ್ನುತ್ತಾರೆ ಸಾಹುಕಾರ್ರು.

ಇಬ್ಬರೂ ಸುಳ್ಳು ಹೇಳಲಿಲ್ಲ. ಈ ವ್ಯಾಪಾರ ಏನೆಂದು ಇಬ್ಬರಿಗೂ ಗೊತ್ತು. ಗೊತ್ತಿಲ್ಲದಂತೆ ನಟಿಸುವುದು ಕಂಪನಿಯ ಹೆಡ್ಡಾಫೀಸು ಮಾತ್ರ. ಅದಕ್ಕೆ ಜೂನ್ 30ರೊಳಗೆ ಮಾರಾಟ ಬೇಕು. ಹತ್ತಿ ಬೀಜದ ಕಂಪನಿಗೆ ಇಡೀ ವರ್ಷದ ಹಬ್ಬ ಇರುವುದೇ ಏಪ್ರಿಲ್‌ನಿಂದ ಜೂನ್ ವರೆಗಿನ ಆ ಮೂರು ತಿಂಗಳಲ್ಲಿ. ಷೇರುಪೇಟೆಯಲ್ಲಿರುವ ಕಂಪನಿ ಈ ತ್ರೈಮಾಸಿಕದ ಫಲಿತಾಂಶವನ್ನು 45 ದಿನಗಳೊಳಗೆ, ಅಂದರೆ ಆಗಸ್ಟ್ 14ರೊಳಗೆ ಪ್ರಕಟಿಸಬೇಕು. ಮಾರದೆ ಉಳಿದ ಪಾಕೀಟುಗಳು ಅಂಗಡಿಯಿಂದ ಹೊರಡುವುದು ಅದಾದ ಮೇಲೆ. ಎಂಥ ಅನುಕೂಲ ನೋಡಿ. ಮೊದಲು ಚಪ್ಪಾಳೆ, ಆಮೇಲೆ ಲಾರಿ.

ಈ ಅನುಕೂಲಕ್ಕೆ ಲಗಾಮು ಹಾಕಲು ಒಂದು ನಿಯಮವಿದೆ. ಹೆಸರು ಇಂಡ್ ಎಎಸ್ 115. 2018ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದು ಕೇಳುವುದು ಇಷ್ಟೇ: ವಾಪಸ್ ಬರಬಹುದಾದ ಮಾಲನ್ನು ಮಾರಿದ್ದೇನೆ ಎನ್ನಬೇಡ. ಇದನ್ನು ಹೇಳಲು ಒಂದು ನಿಯಮ ಬೇಕಾಯಿತು ಎನ್ನುವುದೇ ಒಂದು ತಮಾಷೆ.

ಲೆಕ್ಕ ಹಾಕೋಣ. ಕಂಪನಿಯೊಂದು ರಾಯಚೂರಿನ ವಿತರಕರಿಗೆ 1,000 ಪಾಕೀಟು ಕಳಿಸಿತು ಎನ್ನಿ. ವಿತರಕರಿಗೆ ಬಿದ್ದ ದರ ಪಾಕೀಟಿಗೆ 700 ರೂಪಾಯಿ, ಕಂಪನಿಗೆ ತಗುಲಿದ ಖರ್ಚು 400. (475 ಗ್ರಾಂ ಬಿ.ಜಿ.-2 ಪಾಕೀಟಿಗೆ 2025ರಲ್ಲಿ ಕೇಂದ್ರ ಸರ್ಕಾರ ಕಟ್ಟಿದ ಗರಿಷ್ಠ ಬೆಲೆ 901. ನನ್ನ 700 ಬರೀ ಉದಾಹರಣೆ.) ಹೆಡ್ಡಾಫೀಸಿನ ಆಸೆಯ ಪ್ರಕಾರ ಆದಾಯ 7 ಲಕ್ಷ, ಖರ್ಚು 4 ಲಕ್ಷ, ಲಾಭ 3 ಲಕ್ಷ. ಪತ್ರಿಕಾ ಪ್ರಕಟಣೆ ಸಿದ್ಧ.

ಹಿಂದಿನ ವರ್ಷಗಳ ಅನುಭವ ಬೇರೆ ಹೇಳುತ್ತದೆ: ಇನ್ನೂರು ಪಾಕೀಟು ವಾಪಸ್ ಬರುತ್ತವೆ. ಹಾಗಿದ್ದರೆ ಆದಾಯ ಎನ್ನಬಹುದಾದದ್ದು 800 ಪಾಕೀಟಿನ ದುಡ್ಡು, 5,60,000. ಉಳಿದ 1,40,000 ಆದಾಯವೇ ಅಲ್ಲ. ಅದು ವಿತರಕರಿಗೆ ಹಿಂದಿರುಗಿಸಬೇಕಾದ ಹಣ. ಬ್ಯಾಲೆನ್ಸ್ ಶೀಟಿನಲ್ಲಿ ಅದು 'ರಿಫಂಡ್ ಲಯಬಿಲಿಟಿ', ಮರುಪಾವತಿಯ ಹೊಣೆ. ಉದ್ರಿ ಕೊಟ್ಟು ಇನ್ನೂ ಒಂದು ಪೈಸೆ ವಸೂಲಾಗದಿದ್ದರೂ ಹೊಣೆ ಹೊಣೆಯೇ.

ಖರ್ಚಿನ ಕಡೆಯೂ ಇದೆ. ಇನ್ನೂರು ಪಾಕೀಟು ಮರಳಿ ಬರುವುದರಿಂದ ಅವುಗಳ ಬೆಲೆ 80,000 ರೂಪಾಯಿಯನ್ನು ಆಸ್ತಿ ಎಂದು ತೋರಿಸೋಣ ಎನ್ನುತ್ತದೆ ಹೆಡ್ಡಾಫೀಸು. ನಿಲ್ಲಿ ಸ್ವಾಮಿ. ಬೀಜ ಕಬ್ಬಿಣವಲ್ಲ. ಮೊಳಕೆ ಪರೀಕ್ಷೆಯಾದ ದಿನದಿಂದ ಒಂಬತ್ತು ತಿಂಗಳು ಅದರ ಲೇಬಲ್ಲಿನ ಆಯಸ್ಸು. ಆಮೇಲೆ ಮತ್ತೆ ಪರೀಕ್ಷೆ ಮಾಡಿಸಿ, ಪಾಸಾದರೆ ಆರು ತಿಂಗಳು ಮುಂದೂಡಬಹುದು. ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ಬೆಂದ ಬೀಜ ಪಾಸಾಗುತ್ತದೆಯೇ? ಕೀಟನಾಶಕ ಲೇಪಿಸಿ ಬಣ್ಣ ಹಚ್ಚಿದ ಬೀಜ ಗಾಣಕ್ಕೂ ಹೋಗದು, ದನಕ್ಕೂ ಹಾಕಲಾಗದು. ಅರ್ಧ ಮಾತ್ರ ಉಳಿಯುತ್ತದೆ ಎಂದರೆ 40,000. ತರಿಸಿಕೊಳ್ಳುವ ಸಾಗಣೆ ಖರ್ಚು 4,000 ಕಳೆಯಿರಿ. ಆಸ್ತಿ 36,000, ಅಷ್ಟೇ. ಮಾರಾಟದ ಖರ್ಚಿಗೆ ಬೀಳುವುದು ಉಳಿದ 3,64,000.

ಲಾಭ ಈಗ 1,96,000. ಮೂರು ಲಕ್ಷ ಎಂದು ಕುಣಿದಿದ್ದರು. ಆ 36,000ವನ್ನು 1,40,000ದಲ್ಲಿ ಕಳೆದು ಸಣ್ಣದೊಂದು ಅಂಕಿ ತೋರಿಸುವ ಚಾಲಾಕಿಗೂ ಅವಕಾಶವಿಲ್ಲ. ಹೊಣೆ ಬೇರೆ, ಆಸ್ತಿ ಬೇರೆ, ಎರಡೂ ಬಹಿರಂಗವಾಗಿ ಕಾಣಬೇಕು.

"ವಾಪಸ್ ತಗೊಂತೀವಿ ಅಂತ ಎಲ್ಲೂ ಬರೆದು ಕೊಟ್ಟಿಲ್ಲವಲ್ಲ?" ಎಂದು ಕೇಳುವ ಬುದ್ಧಿವಂತರಿದ್ದಾರೆ. ಬರೆದು ಕೊಡದಿದ್ದರೂ ಪ್ರತಿ ವರ್ಷ ಮಾಡುತ್ತಾ ಬಂದ ಪದ್ಧತಿ ಇದ್ದರೆ ಅದೇ ಒಪ್ಪಂದ ಎನ್ನುತ್ತದೆ ನಿಯಮ. ಸೇಲ್ಸ್ ಹುಡುಗನ ಬಾಯಿಮಾತಿಗೆ ಬೆಲೆ ಕೊಟ್ಟ ದೇಶದ ಏಕೈಕ ಕಾಗದ ಬಹುಶಃ ಇದೇ.

ಹಾಗಾದರೆ ಕಳ್ಳಾಟ ಮುಗಿಯಿತೇ? ಮನೆ ಬದಲಾಯಿಸಿತು. ಮೊದಲು ಮಾರಾಟದ ಅಂಕಿಯಲ್ಲಿತ್ತು, ಈಗ ಅಂದಾಜಿನಲ್ಲಿದೆ. ಎಷ್ಟು ವಾಪಸ್ ಬಂದೀತು ಎಂದು ಹೇಳಬೇಕಾದದ್ದು ಕಂಪನಿಯೇ ಅಲ್ಲವೇ? 'ಕಳೆದ ಐದು ವರ್ಷದ ಸರಾಸರಿ' ಎಂಬ ಮಂತ್ರ ಹೇಳಿ ಮುಗಿಸುತ್ತಾರೆ. ದೇವದುರ್ಗದ ಮಳೆಯಾಶ್ರಿತ ಹೊಲಕ್ಕೆ ಸರಾಸರಿ ಗೊತ್ತಿಲ್ಲ. ಜೂನ್ ಮಳೆ ಕೈಕೊಟ್ಟರೆ ರೈತ ಹತ್ತಿ ಬಿಟ್ಟು ತೊಗರಿ ಬಿತ್ತುತ್ತಾನೆ. ಮಾನ್ವಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗಕ್ಕೆ ನೀರು ಬಾರದಿದ್ದರೆ ಭತ್ತದ ಔಷಧಿ ಡಬ್ಬಗಳು ಅಂಗಡಿಯಲ್ಲೇ ಕೂರುತ್ತವೆ. 2023ರ ಬರದಲ್ಲಿ ರಾಜ್ಯದ ಬಹುತೇಕ ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರವೇ ಸಾರಿತು. ಅಂಥ ವರ್ಷಕ್ಕೂ ಹಳೆಯ ಸರಾಸರಿಯೇ?

ಅಲ್ಲ ಎನ್ನುತ್ತದೆ ನಿಯಮ. ಮುಂದೆ ತಿರುಗಿಸಬೇಕಾಗಿ ಬರುವುದಿಲ್ಲ ಎಂಬ ಗಟ್ಟಿ ಭರವಸೆ ಇದ್ದಷ್ಟನ್ನೇ ಆದಾಯಕ್ಕೆ ಸೇರಿಸಿಕೊಳ್ಳಬೇಕು. ಹೊಸ ತಳಿ, ಹಿಂದಿನ ಅನುಭವವೇ ಇಲ್ಲ, ಅಂದಾಜೂ ಸಾಧ್ಯವಿಲ್ಲ ಎಂದಾದರೆ ವಾಪಸಾತಿಯ ಅವಧಿ ಮುಗಿಯುವವರೆಗೆ ಆದಾಯ ಸೊನ್ನೆ. ಪ್ರತಿ ತ್ರೈಮಾಸಿಕಕ್ಕೂ ಹೊಣೆಯನ್ನು ಮತ್ತೆ ತೂಗಬೇಕು. ನಮ್ಮ ಉದಾಹರಣೆಯಲ್ಲಿ ಇನ್ನೂರರ ಬದಲು ಮುನ್ನೂರು ಪಾಕೀಟು ಬಂದರೆ ಸೆಪ್ಟೆಂಬರ್ ತ್ರೈಮಾಸಿಕದ ಆದಾಯದಿಂದ ಇನ್ನೂ 70,000 ಕಿತ್ತುಹೋಗುತ್ತದೆ. ಪ್ರತಿ ವರ್ಷ ಜೂನ್‌ನಲ್ಲಿ ಆದಾಯ ಉಬ್ಬಿ, ಪ್ರತಿ ಸೆಪ್ಟೆಂಬರ್‌ನಲ್ಲಿ ಕುಸಿಯುತ್ತಿದ್ದರೆ, ಅಂದಾಜು ತಪ್ಪುತ್ತಿಲ್ಲ. ತಪ್ಪಿಸಲಾಗುತ್ತಿದೆ. ಪ್ರಾಮಾಣಿಕ ತಪ್ಪು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬೀಳುತ್ತದೆ. ಇದು ಯಾವಾಗಲೂ ಒಂದೇ ಕಡೆ ಬೀಳುತ್ತದೆ.

ಇನ್ನೊಂದು ಸಂಗತಿ. ಇಂಡ್ ಎಎಸ್ ಅನ್ವಯಿಸುವುದು ಷೇರುಪೇಟೆಯ ಕಂಪನಿಗಳಿಗೆ ಮತ್ತು 250 ಕೋಟಿ ರೂಪಾಯಿ ಅಥವಾ ಹೆಚ್ಚು ನಿವ್ವಳ ಮೌಲ್ಯದ ಕಂಪನಿಗಳಿಗೆ. ಅದಕ್ಕಿಂತ ಚಿಕ್ಕವರಿಗೆ ಹಳೆಯ ನಿಯಮ. ಸಾಲ ಕೇಳಲು ಬಂದ ಅಂಥವರ ಬ್ಯಾಲೆನ್ಸ್ ಶೀಟು ನೋಡುವ ಬ್ಯಾಂಕ್ ಮ್ಯಾನೇಜರು ಜೂನ್ ಬಿಲ್ಲುಗಳ ಜೊತೆ ಅಕ್ಟೋಬರ್‌ನ ಕ್ರೆಡಿಟ್ ನೋಟುಗಳನ್ನೂ ಕೇಳಲಿ.

ಈ ಸರಪಳಿಯಲ್ಲಿ ವಾಪಸ್ ಕೊಡುವ ಹಕ್ಕು ಯಾರಿಗಿದೆ? ವಿತರಕರಿಗಿದೆ. ಅಂಗಡಿಯವರಿಗಿದೆ. ಪಾಕೀಟು ಒಡೆದು ಬಿತ್ತುವ ರೈತನಿಗೆ? ಅವನ ಬಿಲ್ಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿದೆ: 'ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.' ಮಾಲನ್ನು ವಾಪಸ್ ಕೊಡುವುದನ್ನೇ ಪ್ರತಿ ವರ್ಷದ ಉದ್ಯೋಗ ಮಾಡಿಕೊಂಡವರು ಇದನ್ನು ಅಚ್ಚು ಹಾಕಿಸಿದ್ದಾರೆ!

ದೋಷವಿರುವ ಮಾಲನ್ನು ಹಿಂದಕ್ಕೆ ಪಡೆದು ದುಡ್ಡು ಕೊಡಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ, ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ. ಮೊಳೆಯದ ಬೀಜದ ಪಾಕೀಟು, ಲೇಬಲ್ಲು, ಬಿಲ್ಲು ಮೂರನ್ನೂ ಜೋಪಾನ ಮಾಡಿದ ರೈತ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿದರೆ, ಆ ಸಣ್ಣ ಅಕ್ಷರ ಅಲ್ಲಿ ಯಾವ ಅಂಗಡಿಯನ್ನೂ ಕಾಯುವುದಿಲ್ಲ.