ಒಣಗುವುದು ಬೇರೆ, ಕೆಂಪಗಾಗುವುದು ಬೇರೆ

ಉಳಿದ ಅನ್ನಕ್ಕೆ ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆಯಿದೆ. ಉಳಿದ ಚಪಾತಿಯನ್ನು ಹರಿದು, ಉಳ್ಳಾಗಡ್ಡಿ ಹಾಕಿ ಹುರಿದರೆ ಮಕ್ಕಳು ಹೊಸ ತಿಂಡಿಯೆಂದೇ ತಿಳಿದು ಉಣ್ಣುತ್ತಾರೆ. ಜೋಳದ ಖಡಕ್ ರೊಟ್ಟಿಯಂತೂ ಹಳತಾಗುವುದನ್ನೇ ತನ್ನ ಪದವಿಯೆಂದು ಭಾವಿಸಿ ಬುಟ್ಟಿಯಲ್ಲಿ ನಿಶ್ಚಿಂತವಾಗಿ ಕುಳಿತಿರುತ್ತದೆ. ಉಳಿದ ಬ್ರೆಡ್ಡಿಗೆ ಮಾತ್ರ ನಮ್ಮ ಹಿರಿಯರು ಯಾವ ವಿಧಿಯನ್ನೂ ಬರೆದಿಟ್ಟು ಹೋಗಲಿಲ್ಲ. ಅವರ ತಪ್ಪೂ ಅಲ್ಲ. 1818ರಲ್ಲಿ ಬೆಳಗಾವಿಯ ಕೋಟೆ ಆಂಗ್ಲರ ಕೈಸೇರಿ, ಮುಂದೆ ಕ್ಯಾಂಪ್ ಪ್ರದೇಶದಲ್ಲಿ ದಂಡು ನೆಲೆನಿಂತ ಮೇಲೆ ಅವರ ಬ್ರೆಡ್ಡೂ, ಘಟ್ಟದ ಕೆಳಗಿನ ಗೋವೆಯ ನೆರೆಯಿಂದ ಪಾವೂ ಈ ಊರಿನ ಬಾಯಿಗೆ ರೂಢಿಯಾದುವು. ಹೀಗೆ ತಡವಾಗಿ ಬಂದ ಅತಿಥಿಯನ್ನು ಸಂಜೆಯ ಚಹಾದೊಡನೆ ಸತ್ಕರಿಸುವುದನ್ನು ಕಲಿತ ನಮಗೆ, ಮರುದಿನ ಬೆಳಿಗ್ಗೆ ಅವನು ಇನ್ನೂ ಹೋಗಿಲ್ಲವೆಂದು ಕಂಡಾಗ ಏನು ಮಾಡಬೇಕೆಂಬುದನ್ನು ಕಲಿಯಲು ಬಹಳ ಕಾಲ ಹಿಡಿಯಿತು.

ಕಟ್ಲೆಟ್ಟು ಈ ಸಮಸ್ಯೆಗೆ ದೊರೆತ ಪರಿಹಾರ. ಬೇಯಿಸಿದ ಬಟಾಟೆ, ಬಟಾಣಿ, ಗಜ್ಜರಿಗಳನ್ನು ಹಿಸುಕಿ, ಉಪ್ಪುಖಾರ ಬೆರಸಿ, ತಟ್ಟಿ, ಮೈದಾ ಕಲಸಿದ ತೆಳುನೀರಿನಲ್ಲಿ ಮುಳುಗಿಸಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕರಿಯುವ ಈ ತಿನಿಸಿನಲ್ಲಿ ಒಳಗಿನದು ಮೊದಲೇ ಬೆಂದಿರುತ್ತದೆ. ಎಣ್ಣೆಗೆ ಉಳಿದಿರುವ ಕೆಲಸವೆಲ್ಲ ಮೇಲಿನ ಕವಚದ್ದು. ಆದಕಾರಣ ಕಟ್ಲೆಟ್ಟಿನ ಮಾನಾಪಮಾನಗಳು ಪುಡಿಯ ಕೈಯಲ್ಲಿವೆ. ಆ ಪುಡಿಯನ್ನು ಮಾಡುವುದರಲ್ಲಿ ಏನು ವಿದ್ಯೆಯಿದೆ, ಬ್ರೆಡ್ಡನ್ನು ಒಣಗಿಸಿ ಮಿಕ್ಸಿಗೆ ಹಾಕಿದರಾಯಿತು ಎನ್ನುವವರಿದ್ದಾರೆ. ಬೆಳಗಾವಿಯ ಟಿಳಕವಾಡಿಯಲ್ಲಿರುವ ನನ್ನ ಸೋದರಮಾವ ಅವರಲ್ಲಿ ಅಗ್ರಗಣ್ಯರು.

ಮಾಮಾ ನಿವೃತ್ತ ಇಂಜಿನಿಯರರು. ಯಾವ ಯಂತ್ರಕ್ಕೆ ಯಾವ ಗುಂಡಿಯಿದೆಯೋ ಅದನ್ನು ಕೊನೆಯ ಗೆರೆಯವರೆಗೆ ತಿರುಗಿಸದೆ ಬಿಟ್ಟರೆ ಕೊಟ್ಟ ಹಣಕ್ಕೆ ಅನ್ಯಾಯವಾದೀತೆಂದು ನಂಬಿದವರು. ಮಗಳು ಕೊಡಿಸಿದ ಸಣ್ಣ ವಿದ್ಯುತ್ ಓವನ್ನಿನಲ್ಲಿ ಬ್ರೆಡ್ಡಿನ ಹೋಳುಗಳನ್ನು ಇಡಿಯಾಗಿಯೇ ಜೋಡಿಸಿ, ಮೇಲಿನ ಕೆಳಗಿನ ಎರಡೂ ಸಲಾಕೆಗಳನ್ನು ಉರಿಸಿ, 200 ಡಿಗ್ರಿಗೆ ತಿರುವಿ, ಹತ್ತೇ ನಿಮಿಷದಲ್ಲಿ ಕಾರ್ಯಸಿದ್ಧಿಯೆಂದು ಘೋಷಿಸಿದರು. ಹೊರಗೆ ತೆಗೆದ ಹೋಳುಗಳು ನೋಡಲು ಸೊಗಸಾಗಿ ಹೊಂಬಣ್ಣಕ್ಕೆ ತಿರುಗಿದ್ದುವು. ಅಂಚುಗಳು ಮಾತ್ರ ಹೊನ್ನನ್ನು ದಾಟಿ ಕಾಫಿಯ ಬಣ್ಣವನ್ನು ಮುಟ್ಟಿದ್ದುವು. ಮಿಕ್ಸಿಗೆ ಹಾಕಿದಾಗ ಹೊರಪದರ ಧೂಳಾಯಿತು, ನಡುವಿನ ಭಾಗ ಮುದ್ದೆಗಟ್ಟಿ ಪಾತ್ರೆಯ ಗೋಡೆಗೆ ಹತ್ತಿತು. ಆ ಪುಡಿಯನ್ನು ಮೆತ್ತಿ ಕರಿದ ಕಟ್ಲೆಟ್ಟುಗಳು ಎಣ್ಣೆಗೆ ಬಿದ್ದ ನಿಮಿಷದಲ್ಲಿ ಕಪ್ಪಗಾದುವು. ಮಾಮಾ ಎಣ್ಣೆಯನ್ನು ದೂರಿದರು, ಬಳಿಕ ಬಟಾಟೆಯನ್ನು, ಕೊನೆಗೆ ವಿದ್ಯುತ್ ಇಲಾಖೆಯನ್ನು.

ದೋಷ ಇವುಗಳಲ್ಲಿ ಯಾವುದರಲ್ಲಿಯೂ ಇರಲಿಲ್ಲ. ಬ್ರೆಡ್ಡಿನ ತೂಕದಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚೇ ನೀರು. ಆ ನೀರು ಇರುವತನಕ ಕಾವು ಎಷ್ಟೇ ಇದ್ದರೂ ಅದು ಆವಿಯಾಗುವುದರಲ್ಲಿಯೇ ವ್ಯಯವಾಗುವುದರಿಂದ ತುಂಡಿನ ಒಳಮೈ ನೂರು ಡಿಗ್ರಿಯನ್ನು ಮೀರುವುದಿಲ್ಲ, ಬಣ್ಣವೂ ತಿರುಗುವುದಿಲ್ಲ. ಎಲ್ಲಿ ನೀರು ಮುಗಿಯಿತೋ ಅಲ್ಲಿ ಕಾವು ಏರತೊಡಗುತ್ತದೆ. 140 ಡಿಗ್ರಿಯ ಆಸುಪಾಸಿಗೆ ಬಂದಾಗ ಹಿಟ್ಟಿನಲ್ಲಿರುವ ಸಕ್ಕರೆಯೂ ಸಸಾರಜನಕವೂ ಕೂಡಿ ಕೆಂಬಣ್ಣವನ್ನೂ ಸುವಾಸನೆಯನ್ನೂ ಹುಟ್ಟಿಸುವ ವೇಗ ಹೆಚ್ಚುತ್ತದೆ. ಮೂಲೆ ಅಂಚುಗಳು ಮೊದಲು ಒಣಗುವುದರಿಂದ ಮೊದಲು ಕೆಂಪಾಗುವುದೂ ಅವೇ. 200 ಡಿಗ್ರಿಯ ಓವನ್ನಿನಲ್ಲಿ ಹೊರಗು ಕೆಂಪಾಗಿ ಮುಗಿಯುವಷ್ಟರಲ್ಲಿ ಒಳಗು ಒಣಗುವುದನ್ನು ಆರಂಭಿಸಿಯೂ ಇರುವುದಿಲ್ಲ. ಹಾಗೂ ಮೊದಲೇ ಕೆಂಪಾದ ಪುಡಿ 170ರಿಂದ 180 ಡಿಗ್ರಿಯ ಎಣ್ಣೆಯಲ್ಲಿ ಎರಡನೆಯ ಸಲ ಕೆಂಪಾಗಲು ಹೋಗಿ ಕರಿಯಾಗುತ್ತದೆ. ನಮಗೆ ಬೇಕಾದುದು ಬೆಳ್ಳಗಿದ್ದೂ ಬಿರುಸಾದ ಪುಡಿ. ಕೆಂಪಾಗಿಸುವ ಅಧಿಕಾರವನ್ನು ಎಣ್ಣೆಗೇ ಕಾದಿರಿಸಬೇಕು.

ಈ ತತ್ತ್ವವನ್ನು ನಾನು ಅರಿತುದು ಖಾನಾಪುರದಲ್ಲಿ. ಆ ಊರಿನ ಮಣ್ಣು ಕುಂಬಾರಿಕೆಗೆ ಹೆಸರಾದುದು. ಅಲ್ಲಿ ಹಸಿ ಮಡಕೆಯನ್ನು ಯಾರೂ ನೇರವಾಗಿ ಆವಿಗೆಗೆ ಇಡುವುದಿಲ್ಲ. ನೆರಳಿನಲ್ಲಿ ನಿಧಾನವಾಗಿ ಒಣಗಿಸಿ, ತೇವವೆಲ್ಲ ಹೋಯಿತೆಂದು ಖಚಿತವಾದ ಮೇಲಷ್ಟೇ ಬೆಂಕಿ ಕಾಣಿಸುತ್ತಾರೆ. ಒಣಗಿಸುವುದು ಒಂದು ಕ್ರಿಯೆ, ಸುಡುವುದು ಇನ್ನೊಂದು. ಎರಡನ್ನೂ ಒಂದೇ ಏಟಿಗೆ ಮುಗಿಸಹೊರಟರೆ ಮಡಕೆ ಬಿರಿಯುತ್ತದೆ. ಖಾನಾಪುರದಲ್ಲಿರುವ ನಮ್ಮ ಕಾಕೂ ಬ್ರೆಡ್ಡಿಗೂ ಇದೇ ನ್ಯಾಯವನ್ನು ಅನ್ವಯಿಸುತ್ತಾರೆ.

ಅವರ ಪದ್ಧತಿ ಹೀಗೆ. ನಾನೂರು ಗ್ರಾಮಿನ ಬ್ರೆಡ್ಡಿನಲ್ಲಿ ಅರ್ಧ, ಎಂದರೆ 200 ಗ್ರಾಂ, ನಿನ್ನೆಯದು. ನಿನ್ನೆಯ ಬ್ರೆಡ್ಡು ಗಟ್ಟಿಯಾಗಿರುತ್ತದೆಂದ ಮಾತ್ರಕ್ಕೆ ಒಣಗಿದೆಯೆಂದು ತಿಳಿಯಬಾರದು. ಅದರ ಪಿಷ್ಟ ಬಿಗಿದುಕೊಂಡಿರುತ್ತದೆಯೇ ಹೊರತು ನೀರು ಬಹುಪಾಲು ಒಳಗೇ ಇರುತ್ತದೆ, ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುವುದೇ ಇದಕ್ಕೆ ಸಾಕ್ಷಿ. ಗಟ್ಟಿಯಾಗಿರುವುದರ ಉಪಯೋಗ ಇಷ್ಟೇ, ಚಾಕು ನೇರವಾಗಿ ಇಳಿಯುತ್ತದೆ. ಅರ್ಧ ಅಂಗುಲದ ಚೌಕಗಳಾಗಿ ಕತ್ತರಿಸಿ, ಒಂದರ ಮೇಲೊಂದು ಬೀಳದಂತೆ ತಟ್ಟೆಯಲ್ಲಿ ಹರವಿ, ಹತ್ತು ನಿಮಿಷ ಮೊದಲೇ ಕಾಯಿಸಿದ 120 ಡಿಗ್ರಿಯ ಓವನ್ನಿನ ನಡುವಿನ ಅಂತಸ್ತಿನಲ್ಲಿಡಬೇಕು. ಕೆಳಗಿನ ಸಲಾಕೆಯೊಂದೇ ಉರಿಯಲಿ. ಮೇಲಿನದು ನೇರವಾಗಿ ಮುಖಕ್ಕೆ ಹೊಡೆದು ಮಾಮಾನ ಹೊಂಬಣ್ಣವನ್ನು ತರುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಕೈಯಾಡಿಸಿ, ಒಟ್ಟು ಇಪ್ಪತ್ತೈದರಿಂದ ಮೂವತ್ತು ನಿಮಿಷ. ಬಳಿಕ ಓವನ್ನನ್ನು ಆರಿಸಿ, ಬಾಗಿಲನ್ನು ಎರಡು ಬೆರಳು ತೆರೆದು ಇನ್ನು ಕಾಲು ಗಂಟೆ ಹಾಗೇ ಬಿಡಬೇಕು. ಒಳಗೆ ತುಂಬಿದ ಆವಿಗೆ ಹೊರಗೆ ಹೋಗಲು ದಾರಿ ಬೇಡವೆ? ಸಣ್ಣ ಓವನ್ನುಗಳ ಗುಂಡಿ ಹೇಳುವ ಡಿಗ್ರಿಯೂ ಒಳಗಿನ ಡಿಗ್ರಿಯೂ ಬಹುಶಃ ಒಂದೇ ಆಗಿರುವುದಿಲ್ಲವಾದ್ದರಿಂದ, ಇಪ್ಪತ್ತು ನಿಮಿಷಕ್ಕೇ ಅಂಚು ಕೆಂಪಾದರೆ ಮುಂದಿನ ಸಲ ಗುಂಡಿಯನ್ನು ಒಂದು ಗೆರೆ ಇಳಿಸಬೇಕು.

ಮುಗಿಯಿತೆಂದು ತಿಳಿಯುವುದೆಂತು? ಕಣ್ಣನ್ನು ನಂಬುವಂತಿಲ್ಲ, ಏಕೆಂದರೆ ಬಣ್ಣ ತಿರುಗಬಾರದೆಂಬುದೇ ನಮ್ಮ ನಿಯಮ. ಬಿಸಿಯಿರುವಾಗ ಬೆರಳನ್ನೂ ನಂಬುವಂತಿಲ್ಲ; ಬಿಸಿ ತುಂಡು ಒಣಗಿದ್ದರೂ ತುಸು ಮೆತ್ತಗೆ ಕಾಣುವುದುಂಟು, ಮೇಲು ಮಾತ್ರ ಗಟ್ಟಿಯಾದದ್ದು ಒಣಗಿದಂತೆ ನಟಿಸುವುದೂ ಉಂಟು. ಕಾಕೂ ಒಂದು ತುಂಡನ್ನು ಹತ್ತು ನಿಮಿಷ ಆರಲು ಬಿಟ್ಟು, ನಡುವಿಗೆ ಮುರಿಯುತ್ತಾರೆ. ಟಕ್ಕೆಂದು ಮುರಿದು, ಮುರಿದ ಮುಖ ಬೆರಳಿಗೆ ಪುಡಿಪುಡಿಯಾದರೆ ಸರಿ. ಬಾಗಿದರೆ ಅಥವಾ ನಡುವೆ ಸ್ಪಂಜಿನಂತೆ ಅದುಮಿಕೊಂಡರೆ, "ಇನ್ನೂ ಹಸೀ ಅದ, ಒಳಗಿಡು" ಎಂದು ತೀರ್ಪಿತ್ತು ಮರಳಿ ಕಳುಹಿಸುತ್ತಾರೆ. ಇದಕ್ಕಿಂತ ಖಚಿತವಾದುದು ತಕ್ಕಡಿ. 200 ಗ್ರಾಂ ಬ್ರೆಡ್ಡು ಸರಿಯಾಗಿ ಒಣಗಿದಾಗ ಸುಮಾರು 135 ಗ್ರಾಮಿಗೆ ಇಳಿಯುತ್ತದೆ; 150ರಲ್ಲಿಯೇ ನಿಂತರೆ ಹೊರಗು ಒಣಗಿ ಒಳಗು ಉಳಿದಿದೆಯೆಂದೇ ಅರ್ಥ. ಅಂತಹುದನ್ನು ಡಬ್ಬಿಗೆ ತುಂಬಿದರೆ ನಡುವಿನ ತೇವ ರಾತ್ರಿಯಿಡೀ ಹೊರಗಿನವರೆಗೆ ಹರಡಿ, ಬೆಳಿಗ್ಗೆ ಎಲ್ಲವೂ ಸಮಾನವಾಗಿ ಮೆತ್ತಗಾಗಿರುತ್ತದೆ.

ಓವನ್ನಿಲ್ಲದವರಿಗೆ ರೊಟ್ಟಿಯ ಹಂಚೇ ಸಾಕು, ಆದರೆ ಕ್ರಮ ತಲೆಕೆಳಗು. ಇಲ್ಲಿ ತುಂಡುಗಳನ್ನಿಟ್ಟರೆ ಹಂಚಿಗೆ ತಾಗಿದ ಮುಖವೊಂದೇ ಸುಡುವುದರಿಂದ, ಮೊದಲು ಬ್ರೆಡ್ಡನ್ನು ಕೈಯಿಂದ ಉದುರಿಸಿಕೊಳ್ಳಬೇಕು. ದಪ್ಪ ತಳದ ಹಂಚಿನಲ್ಲಿ ನೂರು ಗ್ರಾಮಿಗಿಂತ ಹೆಚ್ಚು ಹಾಕದೆ, ಅತ್ಯಂತ ಸಣ್ಣ ಉರಿಯಲ್ಲಿ ಹತ್ತರಿಂದ ಹದಿನೈದು ನಿಮಿಷ ಬಿಡದೆ ಕೈಯಾಡಿಸಬೇಕು. ಮೊದಲು ಮೆತ್ತಗೆ ಹೊರಳುತ್ತಿದ್ದ ಪುಡಿ, ಒಣಗಿದಂತೆಲ್ಲ ಸೌಟಿನಡಿಯಲ್ಲಿ ಹುರಿದ ರವೆಯ ಹಾಗೆ ಸರಸರನೆ ಸದ್ದು ಮಾಡುತ್ತದೆ. ಆ ಸದ್ದೇ ಇಳಿಸುವ ಸೂಚನೆ. ಇಳಿಸಿ ಹಂಚಿನಲ್ಲಿಯೇ ಬಿಟ್ಟರೆ ಹಂಚಿನ ಉಳಿದ ಕಾವು ತನ್ನ ಪಾಲಿನ ಕಪ್ಪನ್ನು ಸೇರಿಸುತ್ತದೆ. ಕೂಡಲೆ ಅಗಲ ತಾಟಿಗೆ ಸುರಿಯಬೇಕು. ಎಷ್ಟೇ ಜಾಗ್ರತೆಯಿಂದ ಮಾಡಿದರೂ ಹಂಚಿನ ಪುಡಿ ಓವನ್ನಿನದಕ್ಕಿಂತ ಒಂದು ಛಾಯೆ ಕಂದಾಗಿಯೇ ಇರುವುದರಿಂದ, ಅದನ್ನು ಮೆತ್ತಿದ ಕಟ್ಲೆಟ್ಟನ್ನು ಎಣ್ಣೆಯಲ್ಲಿ ಹೆಚ್ಚು ಹೊತ್ತು ಬಿಡಬಾರದು.

ಬ್ರೆಡ್ಡಿನ ಜಾತಿಯನ್ನೂ ಕೇಳಬೇಕಾಗುತ್ತದೆ, ಈ ಒಂದು ವಿಷಯದಲ್ಲಿ. ಸಕ್ಕರೆ, ಹಾಲು ಬೆರಸಿದ ಸಿಹಿ ಬ್ರೆಡ್ಡು, ಬನ್ನುಗಳು ಒಣಗುವ ಮೊದಲೇ ಬಣ್ಣ ತಿರುಗುತ್ತವೆ. ಸಪ್ಪೆಯಾದ ಪಾವು ಇದಕ್ಕೆ ಉತ್ತಮ. ಬೂಷ್ಟು ಕಂಡ ಬ್ರೆಡ್ಡನ್ನು, ಕಂಡಷ್ಟು ಭಾಗವನ್ನು ಕಿತ್ತೊಗೆದು ಉಳಿದುದನ್ನು ಒಣಗಿಸುವ ಮಿತವ್ಯಯ ಸಲ್ಲದು. ಅದರ ಎಳೆಗಳು ಕಣ್ಣಿಗೆ ಕಾಣದೆ ಒಳಗೆ ಹಬ್ಬಿರುತ್ತವೆ. ಆರಿದ ತುಂಡುಗಳನ್ನು ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುವಿ, ದಪ್ಪ ರವೆಯಷ್ಟಾದಾಗ ಬಿಡಬೇಕು. ಬಿಸಿಯಿರುವಾಗ ಅರೆದರೆ ಅದರ ಆವಿಯೇ ಅದನ್ನು ನೆನೆಸುತ್ತದೆ.

ಇಷ್ಟೆಲ್ಲ ಆದ ಮೇಲೂ ಖಾನಾಪುರದ ಆಷಾಢವೊಂದು ಉಳಿದಿರುತ್ತದೆ. ಘಟ್ಟದ ಅಂಚಿನ ಆ ಮಳೆಯಲ್ಲಿ ಉಪ್ಪಿನ ಡಬ್ಬಿಯಲ್ಲಿ ನೀರೊಡೆಯುತ್ತದೆ, ಬೆಂಕಿಪೆಟ್ಟಿಗೆ ಬೆಂಕಿಯೆಂಬುದನ್ನೇ ಮರೆಯುತ್ತದೆ. ಒಣಗಿದ ಪುಡಿಯಂತೂ ಗಾಳಿಯ ತೇವವನ್ನು ಎರಡೂ ಕೈಯಿಂದ ಸ್ವಾಗತಿಸುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೂ ಡಬ್ಬಿ ತೆರೆದಾಗಲೆಲ್ಲ ಅಷ್ಟಷ್ಟು ಮಳೆಗಾಲ ಒಳಗೆ ಹೋಗುತ್ತದೆ. ಮೆತ್ತಗಾದ ಪುಡಿಯನ್ನು ಎಸೆಯಬೇಕಾಗಿಲ್ಲ. ಅದರೊಳಗೆ ಸೇರಿದ ನೀರು ಸ್ವಲ್ಪವೇ ಆದ್ದರಿಂದ, ಕಟ್ಲೆಟ್ಟು ತಟ್ಟುವ ಮೊದಲು ಸಣ್ಣ ಉರಿಯ ಹಂಚಿನಲ್ಲಿ ಮೂರು ನಾಲ್ಕು ನಿಮಿಷ ಆಡಿಸಿದರೆ ಮತ್ತೆ ಬಿರುಸಾಗುತ್ತದೆ. ಮೆತ್ತಿದ ಮೇಲೆ ಹತ್ತು ನಿಮಿಷ ಬಿಟ್ಟು ಕರಿದರೆ ಮೈದಾನೀರು ಪುಡಿಯನ್ನು ಹಿಡಿದುಕೊಂಡು, ಅದು ಎಣ್ಣೆಯಲ್ಲಿ ಉದುರುವುದೂ ಕಡಿಮೆಯಾಗುತ್ತದೆ.

ಹೋದ ಶ್ರಾವಣದಲ್ಲಿ ಮಾಮಾ ಖಾನಾಪುರಕ್ಕೆ ಬಂದಾಗ ಕಾಕೂ ಇದೇ ಕ್ರಮದಲ್ಲಿ ಕಟ್ಲೆಟ್ಟು ಕರಿದು ಬಡಿಸಿದರು. ಒಂದೇ ಸಮನಾದ ಹೊಂಬಣ್ಣ, ಕಚ್ಚಿದರೆ ಪಕ್ಕದ ಕೋಣೆಗೆ ಕೇಳುವ ಸದ್ದು. ಮಾಮಾ ಒಂದನ್ನು ಅತ್ತಿತ್ತ ತಿರುಗಿಸಿ ನೋಡಿ, "ವೈನೀ, ಓವನ್ ಎಷ್ಟಕ್ಕ ಇಟ್ಟಿದ್ರಿ?" ಎಂದು ವಿಚಾರಿಸಿದರು. "ನೂರಾ ಇಪ್ಪತ್ತು" ಎಂದರು ಕಾಕೂ. ಮಾಮಾ ಬಹಳ ಹೊತ್ತು ಯೋಚಿಸಿ, ಎಲ್ಲರಿಗೂ ಕೇಳುವಂತೆ ತಮ್ಮ ನಿರ್ಣಯವನ್ನು ಪ್ರಕಟಿಸಿದರು: "ಹಂಗಾದ್ರ ನಮ್ಮ ಓವನ್ನೇ ಖರಾಬ್ ಅದ, ಅದರಾಗ ಇನ್ನೂರರ ತನಕಾ ಗೆರಿ ಹಾಕ್ಯಾರ."