ಇಪ್ಪತ್ತೆಂಟನೇ ಮಾಳಿಗಿ

(ಹೈದರಾಬಾದಿನ ಕಾಚಿಗೂಡ. ಸೋದರಮಾವನ ಎರಡು ಕೋಣೆಯ ಮನೆ. ಅಳಿಯನ ಕೈಗೆ ಬರುವ ಸಂಬಳ 1,20,000ದಿಂದ 1,80,000ಕ್ಕೆ ಏರಿದೆ. ಕತ್ತೂ ಸ್ವಲ್ಪ ಏರಿದೆ.)

ಅಳಿಯ: ಮಾಮಾ, ಕೋಕಾಪೇಟದಾಗ ಮನಿ ನೋಡೀನಿ. ಬಾಡಿಗಿ ಈಗಿನಕಿಂತ ಬರೇ 30,000 ಜಾಸ್ತಿ.

ಮಾವ: ಬರೇ! ಆಫೀಸಿಗೆ ಹತ್ರ ಏನು?

ಅಳಿಯ: ದೂರನ. ಆದ್ರ 28ನೇ ಮಾಳಿಗಿ, ವ್ಯೂ ಅದ.

ಮಾವ: ಏನು ಕಾಣಸ್ತದ?

ಅಳಿಯ: ಎದುರು ಬಿಲ್ಡಿಂಗಿನ 28ನೇ ಮಾಳಿಗಿ.

ಮಾವ: ಮೇಂಟೆನೆನ್ಸ್?

ಅಳಿಯ: 2,000 ಚದರಡಿ, ಅಡಿಗೆ 4 ರೂಪಾಯಿ. 8,000.

ಮಾವ: 38,000 ಆತು. ಮುಂದ?

ಅಳಿಯ: ಅಲ್ಲಿ ನನ್ನ ಹಳೇ ಕಾರು ನಿಲ್ಲಿಸಿದ್ರ ವಾಚ್‌ಮನ್‌ಗೇ ನಾಚಿಕಿ. ಹೊಸ ಕಾರಿನ ಕಂತು 20,000.

ಮಾವ: 58,000. ಹೆಚ್ಚಾದ ಅರವತ್ತರಾಗ ಉಳಿದದ್ದು ಎರಡು. ಸಂಬಳ ಏರಿದ್ದು ಮನಿ ಮಾಲಕಗ, ನಿನಗಲ್ಲ.

ಅಳಿಯ: ಹಂಗಂದ್ರ ಸುಖಾನ ಪಡಬಾರದೇನು?

ಮಾವ: ಪಡೋ! ತಿಂಗಳಾ ತಿಂಗಳಾ ವಸೂಲಿಗೆ ಬರೋ ಸುಖ ಬ್ಯಾಡ. ಸಂಬಳ ಒಂದನೇ ತಾರೀಖಿಗೆ ಬರ್ತದ. ಎರಡಕ್ಕ 35,000 ತಾನಾಗೇ ಎಸ್‌ಐಪಿಗೆ ಹೋಗೋಹಂಗ ಮಾಡು. 25,000 ಬ್ಯಾರೆ ಖಾತಿಗೆ ಹಾಕು, ಅದನ್ನ ಲೆಕ್ಕ ಕೇಳದೇ ಉಡಾಯಿಸು. ನಾಳೆ ನೌಕರಿ ಹೋದ್ರ ಬಿರಿಯಾನಿ ಅದೇ ದಿನ ನಿಂದ್ರಸಬಹುದು. ಕಾರಿನ ಕಂತು ನಿಂದ್ರತದೇನು?

ಅಳಿಯ: ಉಡಾಯಿಸಲಿಕ್ಕ 25,000! ಮುಗೀಲಿಲ್ಲಂದ್ರ?

ಮಾವ: ಅದಕ್ಕ ಅಲ್ಲೇನೋ ಮಾವ ಇರೋದು? ನಿಮ್ಮ ಅತ್ತಿಗೂ ಚಪ್ಪಲಿ ಹಾಕ್ಕೋ ಅಂತ ಹೇಳು.